ಸಲ್ಲಿಸುವ ಮುಂಚಿನ ತಿದ್ದುಪಡಿ: ಯಾವುದು ತಪ್ಪು ಸರಿಮಾಡುತ್ತೆ, ಯಾವುದು ಬರೀ ಒಪ್ಪ ಹಾಕುತ್ತೆ?

ಕೇಳಿದವರು: ಸಮೀಕ್ಷೆ ಮಾಡಿ ಬರೆದ 22 ಪುಟದ ಪ್ರಬಂಧ, ಸಲ್ಲಿಸೋಕೆ 4 ದಿನ ಇದೆ. ದಿನಾ ಕೂತು ತಿದ್ತೀನಿ, ಆದ್ರೆ ಪೀಠಿಕೆಯ ಪದಗಳನ್ನೇ ಅತ್ತಿಂದಿತ್ತ ಮಾಡ್ತಿದ್ದೀನಿ ಅನ್ಸುತ್ತೆ. ನಿಜವಾದ ತಪ್ಪನ್ನ ನೀವೆಲ್ಲ ಹೇಗೆ ಹಿಡೀತೀರಿ?

ಹಳೇ ಕರಡು: ಈ ಸಾಲನ್ನ ಹೀಗೇ ಬಿಟ್ರೆ ಓದುವವರು ಏನನ್ನಾದ್ರೂ ತಪ್ಪಾಗಿ ತಿಳ್ಕೋತಾರಾ? ಪ್ರತಿ ತಿದ್ದುಪಡಿಗೂ ನಾನು ಇದೊಂದನ್ನೇ ಕೇಳ್ಕೊಳ್ಳೋದು. ಇಲ್ಲ ಅಂದ್ರೆ ಅದು ಒಪ್ಪ, ಕೊನೇ ದಿನಕ್ಕೆ ಇಡಬಹುದು.

ನನ್ನದೇ ಕಥೆ ಕೇಳಿ. 240 ನಮೂನೆ ಹಂಚಿದ್ದೆ, 212 ವಾಪಸ್ ಬಂದವು. ಅದರಲ್ಲಿ 138 ಜನ ‘ಮನೆಯಲ್ಲಿ ಓದೋಕೆ ಬೇರೆ ಜಾಗ ಇಲ್ಲ’ ಅಂದಿದ್ರು. ಸಾರಾಂಶದಲ್ಲಿ ನಾನು ಬರೆದದ್ದು: ‘240 ವಿದ್ಯಾರ್ಥಿಗಳಲ್ಲಿ ಶೇ 65ರಷ್ಟು ಮಂದಿಗೆ ಪ್ರತ್ಯೇಕ ಜಾಗವಿಲ್ಲ.’ ಆ ಸಾಲನ್ನ ನಾಲ್ಕು ಸಲ ತಿದ್ದಿದ್ದೆ! ‘ಮಂದಿ’ ತೆಗೆದು ‘ಜನ’ ಹಾಕಿದೆ, ‘ಪ್ರತ್ಯೇಕ’ ತೆಗೆದು ‘ಸ್ವಂತ’ ಹಾಕಿದೆ, ಮತ್ತೆ ‘ಪ್ರತ್ಯೇಕ’ಕ್ಕೇ ಬಂದೆ. 240ರಲ್ಲಿ ಶೇ 65 ಅಂದ್ರೆ 156, ಕೋಷ್ಟಕದಲ್ಲಿರೋದು 138 ಅನ್ನೋದು ಕಣ್ಣಿಗೆ ಬೀಳಲೇ ಇಲ್ಲ. ಆ ಶೇ 65 ಬಂದದ್ದು 212ರ ಮೇಲೆ.

ಆಮೇಲಿಂದ ಸಾರಾಂಶದ ಅಂಕಿಗಳನ್ನೆಲ್ಲ ಬೇರೆ ಹಾಳೆಗೆ ಇಳಿಸ್ಕೊಂಡು, ಪ್ರತಿಯೊಂದೂ ಒಳಗಿನ ಯಾವ ಪುಟದಲ್ಲಿ ಹುಟ್ಟಿದೆ ಅಂತ ಪಕ್ಕದಲ್ಲಿ ಬರೀತೀನಿ. ಪುಟ ಸಿಗದ ಅಂಕಿ ಇದ್ರೆ ಮೊದಲು ಅದನ್ನ ನೋಡಿ.

ಮಸಿಕುಡಿಕೆ: ಜೋರಾಗಿ ಓದಿ, ಅಷ್ಟೇ ಸಾಕು. ನಾಲಿಗೆ ಎಲ್ಲಿ ತೊಡರುತ್ತೋ ಅಲ್ಲೇ ತಪ್ಪು. ಕಾಗುಣಿತ, ಅಲ್ಪಪ್ರಾಣ ಮಹಾಪ್ರಾಣ ಎಲ್ಲಾ ಬರೀ ಒಪ್ಪ, ತಲೆ ಕೆಡಿಸ್ಕೋಬೇಡಿ.

ಹಳೇ ಕರಡು: ಅರ್ಧ ಒಪ್ತೀನಿ. ಉದ್ದ ವಾಕ್ಯ ಹಿಡಿಯೋಕೆ ಜೋರಾಗಿ ಓದೋದು ಒಳ್ಳೇದು. ಆದ್ರೆ ನನ್ನ 240ರ ಸಾಲು ನೀರು ಹರಿದ ಹಾಗೆ ಓದಿಸ್ಕೊಂಡು ಹೋಗ್ತಿತ್ತು. ‘ಶಿಕ್ಷಕರು ಪೋಷಕರಿಗೆ ತಿಳಿಸಿದರೂ ಅವರು ಗಮನ ಕೊಡಲಿಲ್ಲ’ ಅನ್ನೋದೂ ಹಾಗೇ. ‘ಅವರು’ ಅಂದ್ರೆ ಯಾರು? ಬರೆದವರಿಗೆ ಗೊತ್ತಿರೋದ್ರಿಂದ ಅವರ ನಾಲಿಗೆ ತೊಡರಲ್ಲ.

ಅಂಚುಗೆರೆ: ನನ್ನದಂತೂ ಪುಟದ ಅಂಚು ಸರಿ ಇಲ್ಲ, ಪದಮಿತಿ ದಾಟಿದೆ ಅಂತ ಓದದೇ ವಾಪಸ್ ಬಂತು. ಅಕ್ಷರದ ಗಾತ್ರ ಎಷ್ಟಿಟ್ಟಿದ್ದೀರಾ?

ಹಳೇ ಕರಡು: ಕೇಳಿದ್ದು ಅದಲ್ಲ ಅನ್ಸುತ್ತೆ, ಆದ್ರೂ ಈ ಮಾತು ಬೇಕಿತ್ತು. ಸಲ್ಲಿಸುವ ಜಾಗದವರು ಲಿಖಿತವಾಗಿ ಕೇಳಿದ್ದು ಒಪ್ಪದ ಲೆಕ್ಕಕ್ಕೆ ಬರಲ್ಲ. ಅರ್ಥ ಕೆಡದಿದ್ರೂ ಬಾಗಿಲಲ್ಲೇ ನಿಲ್ಲಿಸ್ತಾರೆ.

ತೌಲನಿಕ: ಅಂಕಿ ಸರಿಯಾದ ಮೇಲೆ ‘ಆದ್ದರಿಂದ’, ‘ಹೀಗಾಗಿ’ ಇರೋ ಕಡೆಯೆಲ್ಲ ಗುರುತು ಹಾಕ್ಕೊಳ್ಳಿ. ನನ್ನ ಕರಡಲ್ಲಿ ಹೀಗಿತ್ತು: ‘ಬೆಳಿಗ್ಗೆ ಓದುವವರ ಅಂಕ ಹೆಚ್ಚಿದೆ, ಆದ್ದರಿಂದ ಬೆಳಗಿನ ಓದು ಅಂಕವನ್ನು ಹೆಚ್ಚಿಸುತ್ತದೆ.’ ‘ಹೆಚ್ಚಿಸುತ್ತದೆ’ ಬದಲು ‘ವೃದ್ಧಿಸುತ್ತದೆ’ ಅಂದ್ರೆ ಏನೂ ಬದಲಾಗಲ್ಲ. ನಾನು ‘ಹೆಚ್ಚು ಅಂಕ ಪಡೆದವರಲ್ಲಿ ಬೆಳಿಗ್ಗೆ ಓದುವವರೇ ಜಾಸ್ತಿ’ ಅಂತ ತಿದ್ದಿದೆ.

ಹಳೇ ಕರಡು: ತೌಲನಿಕ ಅವರೇ, ಅದು ಬೇರೇನೇ ಹೇಳಿಕೆ ಆಯ್ತಲ್ಲ! ಇಡೀ ತರಗತಿ ಬೆಳಿಗ್ಗೇನೇ ಓದುತ್ತಿದ್ರೆ ಕಡಿಮೆ ಅಂಕದವರಲ್ಲೂ ಅವರೇ ಜಾಸ್ತಿ ಇರ್ತಾರೆ. ನೀವು ಅಳೆದದ್ದು ಎರಡು ಗುಂಪಿನ ಸರಾಸರಿ ತಾನೇ? ‘ಬೆಳಿಗ್ಗೆ ಓದುವವರ ಸರಾಸರಿ ಅಂಕ ಉಳಿದವರಿಗಿಂತ ಹೆಚ್ಚಿತ್ತು, ಕಾರಣವನ್ನು ಈ ಸಮೀಕ್ಷೆ ಪರಿಶೀಲಿಸಿಲ್ಲ’ ಅಂತ ನಿಲ್ಲಿಸಿ.

ತೌಲನಿಕ: ಅಯ್ಯೋ, ಹೌದು. ಆ ಪ್ರಬಂಧ ಆಗಲೇ ಹೋಗಿಬಿಟ್ಟಿದೆ ಸಾರ್.

ಮಸಿಕುಡಿಕೆ: ಹೀಗೆ ಕಾಲು ಕಾಲು ಭಾಗ ಕಳೀತಾ ಹೋದ್ರೆ ಪ್ರಬಂಧದಲ್ಲಿ ಹೇಳೋಕೆ ಏನು ಉಳಿಯುತ್ತೆ? ಭಾಷೆಗೂ ಬೆಲೆ ಇದೆ. ಸೊರಗಿದ ವಾಕ್ಯ ಓದಿ ಪರೀಕ್ಷಕರಿಗೆ ಬೇಜಾರಾದ್ರೆ ಅದೂ ನಿಜವಾದ ಸಮಸ್ಯೆಯೇ.

ಹಳೇ ಕರಡು: ಅದನ್ನ ಅಲ್ಲಗಳೆಯಲ್ಲ, ಯಾವಾಗ ಮಾಡ್ಬೇಕು ಅನ್ನೋದಷ್ಟೇ ನನ್ನ ತಕರಾರು. ಚೆಂದವಾಗಿ ತಿದ್ದಿದ ಪ್ಯಾರಾನ ಆಮೇಲೆ ತೆಗೆಯೋಕೆ ಮನಸ್ಸೇ ಬರಲ್ಲ. ಇನ್ನೊಂದು, ಪ್ಯಾರಾ ಜಾಗ ಬದಲಿಸಿದ್ರೆ ‘ಮೇಲೆ ಹೇಳಿದಂತೆ’, ‘ಕೋಷ್ಟಕ 3ರಲ್ಲಿ’ ಅಂತ ಇರೋದನ್ನೆಲ್ಲ ಮತ್ತೆ ಹುಡುಕಿ ನೋಡಿ. ಕೊನೇ ರಾತ್ರಿಯ ತಿದ್ದುಪಡಿಯಿಂದ ಹುಟ್ಟೋ ಹೊಸ ತಪ್ಪುಗಳು ಹೆಚ್ಚಾಗಿ ಇಂಥವೇ.

ಕೇಳಿದವರು: ಅಂಕಿ ಹಾಳೆ ಮಾಡಿದೆ. ಪೀಠಿಕೆ ಮುಟ್ಟಲೇ ಇಲ್ಲ. ನನ್ನಲ್ಲಿ ಒಟ್ಟು 180 ಜನ, ಆದ್ರೆ ಕೋಷ್ಟಕ 4 ಕೂಡಿದ್ರೆ 177 ಬರುತ್ತೆ. 3 ಜನ ಆ ಪ್ರಶ್ನೆ ಖಾಲಿ ಬಿಟ್ಟಿದ್ದಾರೆ. ಶೇಕಡಾ 180ರ ಮೇಲೆ ಹಾಕ್ಲಾ, 177ರ ಮೇಲಾ?

ತೌಲನಿಕ: 177. ಉತ್ತರ ಕೊಟ್ಟವರ ಮೇಲೆ.

ಹಳೇ ಕರಡು: ನಾನಾದ್ರೆ 180ರ ಮೇಲೇ ಹಾಕಿ ‘ಉತ್ತರಿಸದವರು 3’ ಅಂತ ಒಂದು ಸಾಲು ಸೇರಿಸ್ತೀನಿ. ಎರಡೂ ನಡೆಯುತ್ತೆ, ಆದ್ರೆ ಯಾವುದು ಹಾಕಿದ್ದೀರಿ ಅಂತ ಕೋಷ್ಟಕದ ಕೆಳಗೆ ಬರೀರಿ, ಉಳಿದ ಕೋಷ್ಟಕಗಳಲ್ಲೂ ಅದನ್ನೇ ಪಾಲಿಸಿ.