ಅಪ್‌ಡೇಟ್: ಕಥೆಯ ಇಂಚರ ಈಜುಕೊಳಕ್ಕೆ ಇಳಿದಳು

ನನ್ನ ಪ್ರಶ್ನೆ: ಆಸ್ತಮಾ ಇರುವ ಹುಡುಗಿಯ ಬಗ್ಗೆ ಮಕ್ಕಳ ಕಥೆ ಬರೆಯುತ್ತಿದ್ದೇನೆ, ಓಟ ಒಗ್ಗದ ಅವಳಿಗೆ ಯಾವ ಕ್ರೀಡೆ ಸಹಜವಾಗಿ ಹೊಂದುತ್ತದೆ?

ನಿಮ್ಮ ಸಲಹೆಗಳನ್ನು ಓದಿದ ಮೇಲೆ ಈಜನ್ನೇ ಆರಿಸಿಕೊಂಡು ಕಥೆಯನ್ನು ಮುಗಿಸಿದ್ದೇನೆ. ಓಡುವಾಗ ಬಾಯಿಯಿಂದ ಎಳೆದುಕೊಳ್ಳುವ ತಂಪಾದ ಒಣ ಗಾಳಿ ಶ್ವಾಸನಾಳಗಳ ತೇವವನ್ನು ಹೀರಿ ಅವು ಬಿಗಿಯುವಂತೆ ಮಾಡುತ್ತದೆ. ಕೊಳದ ನೀರಿನ ಮೇಲಿನ ಗಾಳಿ ಬೆಚ್ಚಗೆ, ತೇವವಾಗಿರುವುದರಿಂದ ಆ ತೊಂದರೆ ಕಡಿಮೆ. ಇದನ್ನು ಕಥೆಯಲ್ಲಿ ವಿವರಿಸಲು ಹೋಗದೆ, ಓಟ ಮುಗಿಸಿ ನಿಂತ ಕೆಲವು ನಿಮಿಷಗಳ ನಂತರ ಇಂಚರಳಿಗೆ ಕೆಮ್ಮು ಮತ್ತು ಎದೆಯ ಸಿಳ್ಳೆ ಶುರುವಾಗುವಂತೆ ಬರೆದೆ, ಏಕೆಂದರೆ ವ್ಯಾಯಾಮದಿಂದ ಬರುವ ಆಸ್ತಮಾ ಬಹಳ ಸಲ ಹಾಗೆಯೇ, ಆಟ ನಿಂತ ಮೇಲೆ ಹೆಚ್ಚು ಕಾಣಿಸುತ್ತದೆ. ಗೆಳತಿಯರು ಅದನ್ನು ನಾಟಕವೆಂದುಕೊಳ್ಳುವುದಕ್ಕೂ ಇದೇ ಕಾರಣವಾಯಿತು.

ಕೊಳದ ನೀರಿಗೆ ಹಾಕುವ ಕ್ಲೋರಿನ್ ಕೆಲವೊಮ್ಮೆ ಉಸಿರಾಟಕ್ಕೆ ತೊಂದರೆ ಕೊಡಬಹುದೆಂದು ನಿಮ್ಮಲ್ಲಿ ಕೆಲವರು ಕೊಟ್ಟ ಎಚ್ಚರಿಕೆ ಕಥೆಗೆ ನಿಜಕ್ಕೂ ನೆರವಾಯಿತು. ಮೊದಲು ಹೋಗುವ ಮುಚ್ಚಿದ ಕೊಳದಲ್ಲಿ ಘಾಟು ವಾಸನೆಯಿದೆ. ಕ್ಲೋರಿನ್ ಬೆವರು, ಮೂತ್ರಗಳೊಡನೆ ಬೆರೆತು ಉಂಟಾಗುವ ಕ್ಲೋರಮೈನ್‌ಗಳು ಗಾಳಿಯಾಡದ ಕಡೆ ಸೇರಿಕೊಂಡು ಕೆಮ್ಮು ತರಿಸುತ್ತವೆ, ಹಾಗಾಗಿ ಇಂಚರ ನೀರಿಗಿಳಿಯದೆ ಮರಳುತ್ತಾಳೆ. ಎರಡನೆಯದು ಚೆನ್ನಾಗಿ ಗಾಳಿಯಾಡುವ ಕೊಳ. ವೈದ್ಯರು ಹೇಳಿದಂತೆ ಹದಿನೈದು ನಿಮಿಷ ಮೊದಲೇ, ಔಷಧಿ ಶ್ವಾಸಕೋಶಕ್ಕೆ ಸರಿಯಾಗಿ ತಲುಪಲು ನೆರವಾಗುವ ಸ್ಪೇಸರ್ ಎಂಬ ಕೊಳವೆಯನ್ನು ಜೋಡಿಸಿ ಇನ್‌ಹೇಲರ್ ತೆಗೆದುಕೊಂಡು, ನಿಧಾನವಾಗಿ ಮೈ ಬೆಚ್ಚಗಾಗಿಸಿಕೊಂಡು ಅವಳು ನೀರಿಗಿಳಿಯುತ್ತಾಳೆ. ಇನ್‌ಹೇಲರ್ ತರಬೇತುದಾರರ ಕೈಗೆಟುಕುವಲ್ಲೇ ಇರುತ್ತದೆ.

ಈಜಿನಿಂದ ಆಸ್ತಮಾ ಗುಣವಾಯಿತೆಂಬ ಮುಕ್ತಾಯವನ್ನು ಕೆಲವರು ಸೂಚಿಸಿದ್ದರು, ಅದನ್ನು ಒಪ್ಪಲಿಲ್ಲ. ಕೊನೆಯ ಪುಟದಲ್ಲೂ ಇಂಚರ ತನ್ನ ದಿನನಿತ್ಯದ ಔಷಧಿಯನ್ನು ತೆಗೆದುಕೊಳ್ಳುತ್ತಾಳೆ.