ಕೆಲಸ ಬೇಡ ಅನ್ನಿಸಿದೆ, ಆದರೆ ಮನೆ ನನ್ನ ಸಂಬಳದ ಮೇಲೇ ನಿಂತಿದೆ

ಕೇಳಿದವರು, ಹುಬ್ಬಳ್ಳಿ: ಖಾಸಗಿ ಬ್ಯಾಂಕಿನಲ್ಲಿ ಸೇಲ್ಸ್ ಕೆಲಸ, ನಾಲ್ಕೂವರೆ ವರ್ಷ ಆಯಿತು. ಟಾರ್ಗೆಟ್ ನೆನೆದರೆ ಊಟ ಸೇರುವುದಿಲ್ಲ. ಕೈಗೆ 38,000 ಬರುತ್ತದೆ, ಮನೆ ಸಾಲದ ಕಂತೇ 13,000. ಅಪ್ಪನಿಗೆ ಸ್ಟೆಂಟ್ ಹಾಕಿದೆ, ತಂಗಿ ಬಿ.ಎಡ್. ಓದುತ್ತಿದ್ದಾಳೆ. ಗೆಳೆಯನ ಲೆಕ್ಕಪತ್ರದ ಆಫೀಸಿನಲ್ಲಿ 25,000ಕ್ಕೆ ಕರೆಯುತ್ತಿದ್ದಾರೆ. ಹೇಗೆ ಹೊರಬರಲಿ?

ಮೈಸೂರಿನಿಂದ: ಕೆಪಿಎಸ್‌ಸಿ ಬರೆಯಿರಿ. ನಮ್ಮ ತಮ್ಮ ಕೆಲಸ ಬಿಟ್ಟು ಓದುತ್ತಿದ್ದಾನೆ.

ಬೆಂಗಳೂರು, ಎಚ್‌ಆರ್ ಕೆಲಸ: ಅವರಿಗೆ ಬೇಕಿರುವುದು ಈ ತಿಂಗಳ ಕಂತು ಕಟ್ಟುವ ದಾರಿ ಸಾರ್. ನಾನು ಮೊದಲು ಅಪ್ಪನ ವಿಮೆ ನೋಡುತ್ತೇನೆ. ಕಂಪನಿಯ ಗ್ರೂಪ್ ಪಾಲಿಸಿಯಲ್ಲಿ ಅವರ ಹೆಸರಿದ್ದರೆ, ಸಾಮಾನ್ಯವಾಗಿ ನಿಮ್ಮ ಕೊನೆಯ ದಿನಕ್ಕೇ ಅದೂ ಮುಗಿಯುತ್ತದೆ. ಹೊಸದಾಗಿ ಪಾಲಿಸಿ ಕೊಂಡರೆ, ಮೊದಲೇ ಇದ್ದ ಹೃದಯದ ತೊಂದರೆಗೆ 3 ವರ್ಷದವರೆಗೂ ಕಾಯಬೇಕಾಗಬಹುದು. ಅದೇ ವಿಮಾ ಕಂಪನಿಯ ವೈಯಕ್ತಿಕ ಪಾಲಿಸಿಗೆ ಬದಲಾಯಿಸಿಕೊಂಡರೆ, ಗ್ರೂಪ್‌ನಲ್ಲಿ ಕಳೆದ ವರ್ಷಗಳು ಲೆಕ್ಕಕ್ಕೆ ಬರುತ್ತವೆ. ನೋಟಿಸ್ ಅವಧಿಯಲ್ಲೇ ಅರ್ಜಿ ಹಾಕಿ. ಆದರೆ ಒಪ್ಪುವುದು, ಪ್ರೀಮಿಯಂ ಏರಿಸುವುದು ಅವರ ಕೈಯಲ್ಲಿದೆ. ಉತ್ತರ ಬರುವವರೆಗೆ ರಾಜೀನಾಮೆ ಕೊಡದೇ ಇರಲು ಆದರೆ ಇನ್ನೂ ಒಳ್ಳೆಯದು.

ದಾವಣಗೆರೆಯಿಂದ: 4 ವರ್ಷ 8 ತಿಂಗಳಾದರೆ ಗ್ರಾಚ್ಯುಟಿ ಪಕ್ಕಾ. ಇನ್ನೆರಡು ತಿಂಗಳು ಸುಮ್ನೆ ಹಲ್ಲು ಕಚ್ಚಿಕೊಂಡಿರಿ.

ಬೆಂಗಳೂರು, ಎಚ್‌ಆರ್ ಕೆಲಸ: ಪಕ್ಕಾ ಅನ್ನಬೇಡಿ. 4 ವರ್ಷ 240 ದಿನ ಸಾಕು ಎಂದು ಮದ್ರಾಸ್ ಹೈಕೋರ್ಟ್ ಹೇಳಿದ್ದು ನಿಜ. ಆದರೂ 5 ವರ್ಷ ತುಂಬಲೇಬೇಕು ಅನ್ನುವ ಕಂಪನಿಗಳು ಬಹಳ. ಮೂಲ ವೇತನ 20,000 ಅಂದುಕೊಳ್ಳಿ. ಅದನ್ನು 26ರಿಂದ ಭಾಗಿಸಿ, 15 ದಿನಕ್ಕೆ, ಆಮೇಲೆ 5 ವರ್ಷಕ್ಕೆ ಗುಣಿಸಿದರೆ ಸುಮಾರು 57,700. ನೋಟಿಸ್ ದಿನಗಳೂ ಸೇವೆಗೆ ಸೇರುತ್ತವೆ. ಆದರೆ ಬೇಗ ಬಿಡುಗಡೆ ಮಾಡಿಬಿಟ್ಟರೆ ಲೆಕ್ಕ ತಪ್ಪುತ್ತದೆ, ಹಾಗಾಗಿ ತೀರಾ ಅಂಚಿಗೆ ಹೊಂದಿಸಬೇಡಿ. ಪಿಎಫ್ ಮಾತ್ರ ತೆಗೆಯಬೇಡಿ. ಹೊಸ ಕಡೆ ಪಿಎಫ್ ಇದ್ದರೆ ವರ್ಗಾಯಿಸಿ. 5 ವರ್ಷಕ್ಕೆ ಮುಂಚೆ ತೆಗೆದರೆ ತೆರಿಗೆ ಬೀಳಬಹುದು.

ಶಿವಮೊಗ್ಗದ ಗೃಹಿಣಿ: ನಮ್ಮ ಯಜಮಾನರು ಕೆಲಸ ಬಿಟ್ಟ ಮೇಲೆ ಸಾಲದ ಅವಧಿ ವಿಸ್ತರಿಸಲು ಹೋದರು. ಸಂಬಳದ ಚೀಟಿ ಎಲ್ಲಿ ಅಂದರು ಬ್ಯಾಂಕಿನವರು! ನೀವು ಈಗಲೇ ಕೇಳಿ. ಬಾಕಿ 11 ಲಕ್ಷ, ಬಡ್ಡಿ ಶೇ. 9 ಇದ್ದರೆ, ಸುಮಾರು 11 ವರ್ಷದ್ದನ್ನು 20 ವರ್ಷ ಮಾಡಿದಾಗ ಕಂತು 9,900ಕ್ಕೆ ಇಳಿಯುತ್ತದೆ. ಒಟ್ಟು ಬಡ್ಡಿ 6 ಲಕ್ಷದಷ್ಟು ಜಾಸ್ತಿ, ಅದು ನೋವಿನ ಮಾತೇ. ಕೈ ಸಡಿಲವಾದಾಗ ಅಸಲಿಗೆ ಕಟ್ಟುತ್ತಾ ಬನ್ನಿ. ಮನೆಯಲ್ಲಿ ಮೊದಲೇ ಹೇಳಿಬಿಡಿ. ನಮ್ಮಲ್ಲಿ ಜಗಳ ಆದದ್ದು ದುಡ್ಡಿಗಲ್ಲ, ಮುಚ್ಚಿಟ್ಟಿದ್ದಕ್ಕೆ.

ಕೇಳಿದವರು: ಅಪ್ಪ ಗ್ರೂಪ್ ಪಾಲಿಸಿಯಲ್ಲೇ ಇದ್ದಾರೆ, ಆ ಕಡೆ ನನ್ನ ಯೋಚನೆಯೇ ಹೋಗಿರಲಿಲ್ಲ. ಕಂತು ಇಳಿದರೂ ತಿಂಗಳಿಗೆ ಹತ್ತು ಸಾವಿರದಷ್ಟು ಕೊರತೆ ಬೀಳುತ್ತದೆ, ಮೇಲೆ ಪ್ರೀಮಿಯಂ ಬೇರೆ. ತಂಗಿಯ ಓದು ಮುಗಿಯುವವರೆಗೆ ಗೆಳೆಯ ಕಾಯುತ್ತಾನಾ ಕೇಳಬೇಕು. ಸ್ಟೆಂಟ್ ಇದ್ದವರಿಗೆ ಹೀಗೆ ಪಾಲಿಸಿ ಬದಲಾಯಿಸಿದವರು ಯಾರಾದರೂ ಇದ್ದೀರಾ? ಪ್ರೀಮಿಯಂ ಎಷ್ಟು ಕೇಳಿದರು?