ಪೈ-ಹೋಲ್ ಹಾಕಿದ ಮೇಲೆ ಎಕ್ಸ್‌ಬಾಕ್ಸ್‌ನಲ್ಲಿ ಅಚೀವ್‌ಮೆಂಟ್ ಬರುತ್ತಿಲ್ಲ, ಯಾರಿಗಾದರೂ ಹೀಗಾಗಿತ್ತಾ?

ಸರ್ಜಾಪುರ ಅಪ್ಪ
ಇಡೀ ಮನೆಗೆ ಪೈ-ಹೋಲ್ ಹಾಕಿದ್ದೇನೆ. ಜಾಹೀರಾತು ಹೋಯ್ತು, ಆದರೆ ಮಗನ ಎಕ್ಸ್‌ಬಾಕ್ಸ್‌ನಲ್ಲಿ ಒಂದು ಆಟಕ್ಕೆ ಅಚೀವ್‌ಮೆಂಟ್ ಬರುತ್ತೆ, ಇನ್ನೊಂದಕ್ಕೆ ಬರಲ್ಲ. ಎರರ್ ಕೂಡ ತೋರಿಸಲ್ಲ. ಸಂಜೆ ಹೊತ್ತು ಲ್ಯಾಪ್‌ಟಾಪ್‌ನಲ್ಲಿ ಕೆಲವು ಸಲ ಲಾಗಿನ್ನೇ ಆಗಲ್ಲ. ಅನುಭವ ಇರೋರು ಹೇಳಿ.

ಮಂಗಳೂರು ಗೇಮರ್
ನಮ್ಮಲ್ಲಿಯೂ ಇದೇ ಕತೆ ಮಾರಾಯ್ರೆ. ಪೈಗೆ ಆರು ಸಾವಿರ ಚಿಲ್ಲರೆ, ಅಡಾಪ್ಟರಿಗೆ ಎಂಟುನೂರು, ಡಬ್ಬಿಗೆ ನಾನೂರು. ಮಳೆಗಾಲದಲ್ಲಿ ಕರೆಂಟು ಹೋಗಿ ಬಂದು, ಹೋಗಿ ಬಂದು ಮೆಮೊರಿ ಕಾರ್ಡ್ ಸತ್ತಿತು, ಅದಕ್ಕೆ ಮತ್ತೆ ಏಳುನೂರು. ಇಷ್ಟೆಲ್ಲ ಸುರಿದ ಮೇಲೆ ಮನೆಯಲ್ಲಿ ಸಿಕ್ಕಿದ ಬಹುಮಾನ ಎಂತ ಗೊತ್ತುಂಟಾ? "ನಿಮ್ಮ ಆ ಡಬ್ಬಿ ಬಂದ ಮೇಲೆ ಆಟ ಹಾಳಾಯಿತು" ಅಂತ. ತಂಗಿಯ ಮಗ ರಜೆಗೆ ಬಂದವ ಒಂದು ಆಟವನ್ನು ಕೊನೆವರೆಗೆ ಮುಗಿಸಿದ, ಒಂದೇ ಒಂದು ಅಚೀವ್‌ಮೆಂಟ್ ಇಲ್ಲ. ಕನ್ಸೋಲನ್ನೇ ರೀಸೆಟ್ ಮಾಡಿ ನೋಡಿದೆ. ನೂರು ಜಿಬಿಗಿಂತ ಹೆಚ್ಚು ಪುನಃ ಇಳಿಸಿಕೊಳ್ಳಬೇಕಾಯಿತು, ತಿಂಗಳ ಡೇಟಾ ಮಿತಿ ಅಲ್ಲಿಗೇ ಮುಗಿಯಿತು.

ಕೊನೆಗೆ ಅವ ಆಡುವಾಗಲೇ ಪಕ್ಕದಲ್ಲಿ ಲ್ಯಾಪ್‌ಟಾಪ್ ಇಟ್ಟುಕೊಂಡು `pihole -t` ಹಾಕಿ ಕೂತೆ. ಶತ್ರುವನ್ನು ಹೊಡೆದಾಗ, ಹಂತ ದಾಟಿದಾಗ, ಪ್ರತೀ ಸಲ ಅದೇ ಎರಡು ಹೆಸರು ಬ್ಲಾಕ್ ಆಗುತ್ತಾ ಇತ್ತು. ಬಿಟ್ಟದ್ದು ಹೀಗೆ:

```
pihole allow v10.events.data.microsoft.com v20.events.data.microsoft.com
```

ಐದನೇ ಆವೃತ್ತಿ ಇರುವವರು `allow` ಬದಲು `-w` ಹಾಕಿ. ಆಮೇಲೆ ಕನ್ಸೋಲನ್ನು ಪೂರ್ತಿ ಆಫ್ ಮಾಡಿ ಆನ್ ಮಾಡಿ, ಬರೀ ಸ್ಲೀಪ್ ಸಾಲದು. ಮೊನ್ನೆಯವರೆಗೂ ತೊಂದರೆ ಇಲ್ಲ.

ಗೂಢಚಾರಿ ಬೇಡ
ಅಯ್ಯೋ ದೇವರೇ. ಆ ಎರಡು ಹೆಸರು ಯಾವುದು ಅಂತ ಗೊತ್ತಿದೆಯಾ ನಿಮಗೆ? ವಿಂಡೋಸ್ ಮಷೀನುಗಳು ಟೆಲಿಮೆಟ್ರಿ ಕಳಿಸೋದೂ ಅಲ್ಲಿಗೇ. ಅದನ್ನು ಮನೆಯ ಎಲ್ಲ ಸಾಧನಗಳಿಗೂ ಬಿಟ್ಟುಕೊಟ್ಟು "ತೊಂದರೆ ಇಲ್ಲ" ಅಂತೀರಲ್ಲ! ನಾನು ಪಟ್ಟಿಗಳನ್ನು ಒಂದೊಂದಾಗಿ ಆರಿಸಿ, ನಕಲು ತೆಗೆದು, ಇಪ್ಪತ್ತು ಲಕ್ಷಕ್ಕೂ ಮೇಲೆ ಡೊಮೇನ್ ಸೇರಿಸಿದ್ದೇನೆ. ನಮ್ಮ ಮನೆಯಲ್ಲೂ ಅಚೀವ್‌ಮೆಂಟ್ ಬರಲ್ಲ. ಬರದಿದ್ದರೆ ಏನೀಗ? ಮಗ ಆಟ ಆಡ್ತಾನೆ, ಖುಷಿಯಾಗಿದ್ದಾನೆ.

ಮಂಗಳೂರು ಗೇಮರ್
ಮಗ ಖುಷಿಯಾಗಿದ್ದಾನೆ ಅಂತ ಅವ ಹೇಳಿದನಾ, ನೀವೇ ಹೇಳ್ತಿದ್ದೀರಾ?

ಹಳೆ ಅಡ್ಮಿನ್
ಒಂದು ಆಟಕ್ಕೆ ಬರುತ್ತೆ, ಇನ್ನೊಂದಕ್ಕೆ ಬರಲ್ಲ ಅನ್ನೋದಕ್ಕೆ ಕಾರಣ ಇದೆ, ಅದು ಪೈ-ಹೋಲ್‌ನಲ್ಲಿ ಇಲ್ಲ. ಎಕ್ಸ್‌ಬಾಕ್ಸ್ ಒನ್ 2013ರಲ್ಲಿ ಬಂದಾಗ ಅಚೀವ್‌ಮೆಂಟ್ ಕೊಡೋ ರೀತಿಯೇ ಬೇರೆ ಮಾಡಿದರು. ಆಟ "ಈ ಅಚೀವ್‌ಮೆಂಟ್ ಕೊಡಿ" ಅಂತ ಕೇಳಲ್ಲ. ಇಂತಿಷ್ಟು ಶತ್ರು ಸತ್ತರು, ಇಂಥ ಹಂತ ಮುಗೀತು ಅಂತ ಘಟನೆಗಳ ವರದಿ ಮಾತ್ರ ಕಳಿಸುತ್ತೆ. ಲೆಕ್ಕ ಹಾಕಿ ಅಚೀವ್‌ಮೆಂಟ್ ಕೊಡೋದು ಆಚೆ ಕಡೆಯ ಸರ್ವರ್. ಆ ವರದಿ ಹೋಗೋದು ಟೆಲಿಮೆಟ್ರಿಯ ದಾರಿಯಲ್ಲೇ. 2017ರಲ್ಲಿ ಇನ್ನೊಂದು ಪದ್ಧತಿ ಬಂತು, ಅದರಲ್ಲಿ ಆಟವೇ ಲೆಕ್ಕ ಇಟ್ಟುಕೊಂಡು ನೇರವಾಗಿ ಅಚೀವ್‌ಮೆಂಟ್ ಸೇವೆಗೆ ಹೇಳುತ್ತೆ. ಈ ಎರಡನೇ ಜಾತಿಯ ಆಟಗಳಿಗೆ ನಿಮ್ಮ ಪಟ್ಟಿ ಅಡ್ಡ ಬರಲ್ಲ, ಮೊದಲನೇದಕ್ಕೆ ಬರುತ್ತೆ. ಕನ್ಸೋಲಿಗೆ ಇದು ಎರರ್ರೇ ಅಲ್ಲ. ಲಾಗಿನ್ ಬೇರೆ ಹೆಸರುಗಳ ಮೇಲೆ ನಡೆದಿದೆ, ಆಟ ಓಡ್ತಿದೆ, ವರದಿ ಮಾತ್ರ ಹೋಗಿಲ್ಲ. ಅದಕ್ಕೇ ಪರದೆ ಮೇಲೆ ಏನೂ ಬರಲ್ಲ.

ಗೂಢಚಾರಿ ಅವರ ಭಯ ಸುಳ್ಳಲ್ಲ, ಆದರೆ ಅದಕ್ಕೆ ಮಗುವಿನ ಆಟ ಕೆಡಿಸಬೇಕಿಲ್ಲ. ಗ್ರೂಪ್ ಇರೋದೇ ಅದಕ್ಕೆ. ಕನ್ಸೋಲಿಗೆ ಅಂತ ಒಂದು ಹೊಸ ಗ್ರೂಪ್ ಮಾಡಿ, ಕ್ಲೈಂಟ್ ಪಟ್ಟಿಯಲ್ಲಿ ಕನ್ಸೋಲನ್ನು ಮ್ಯಾಕ್ ವಿಳಾಸದಿಂದ ಸೇರಿಸಿ, ಹಳೆಯ Default ಗ್ರೂಪಿನ ಜೊತೆಗೆ ಹೊಸದನ್ನೂ ಟಿಕ್ ಮಾಡಿ. ಆ ಎರಡು ಡೊಮೇನುಗಳ ಅನುಮತಿಯನ್ನು ಹೊಸ ಗ್ರೂಪಿಗೆ ಮಾತ್ರ ಕೊಟ್ಟು Default ತೆಗೆಯಿರಿ. ಮನೆಯ ವಿಂಡೋಸ್ ಮಷೀನುಗಳಿಗೆ ಅದು ಮುಚ್ಚಿದಂತೆಯೇ ಇರುತ್ತೆ.

ಧಾರವಾಡದಾಂವ
ಇಷ್ಟೆಲ್ಲಾ ಯಾಕ್ರೀ? ನಾ ರೌಟರ್‌ನ್ಯಾಗ ಮೊದಲನೇ ಡಿಎನ್‌ಎಸ್ ಪೈ-ಹೋಲ್ ಕೊಟ್ಟೇನಿ, ಎರಡನೇದು 8.8.8.8. ಪೈ-ಹೋಲ್ ತಡದದ್ದು ಎರಡನೇದರಿಂದ ಪಾಸ್ ಆಗತೈತಿ. ನಮ್ಮ ಹುಡುಗ್ರು ಆಡ್ತಾರ, ಜಾಹೀರಾತೂ ಕಮ್ಮಿ ಆಗ್ಯಾವ. ರೊಕ್ಕಾ ಒಂದು ಪೈಸಾ ಖರ್ಚಿಲ್ಲ, ಹಳೇ ಲ್ಯಾಪ್‌ಟಾಪ್ ಇತ್ತು, ಅದರ ಮ್ಯಾಲೆ ಹಾಕೇನಿ.

ಹಳೆ ಅಡ್ಮಿನ್
ಸರ್, ಅದು ಹಾಗೆ ನಡೆಯಲ್ಲ. ಪೈ-ಹೋಲ್ ತಡೆದಾಗ ಸುಮ್ಮನಿರಲ್ಲ, 0.0.0.0 ಅಂತ ಉತ್ತರ ಕೊಡುತ್ತೆ. ಉತ್ತರ ಸಿಕ್ಕಿದ ಮೇಲೆ ಯಾರೂ ಎರಡನೆಯವರನ್ನು ಕೇಳಲ್ಲ. ಎರಡನೆಯದನ್ನು ಕೇಳೋದು ಮೊದಲನೆಯದು ಮಾತಾಡದಿದ್ದಾಗ, ಇಲ್ಲಾ ಸಾಧನಕ್ಕೆ ತೋಚಿದಾಗ. ನಿಮ್ಮಲ್ಲಿ ನಡೀತಿರೋದು ಬಹುಶಃ ಆ ತೋಚಿದಾಗಿನದು. ಇವತ್ತು ಅಚೀವ್‌ಮೆಂಟ್ ಬರುತ್ತೆ, ನಾಳೆ ಬರಲ್ಲ, ಲಾಗ್ ನೋಡಿದರೆ ಆ ಪ್ರಶ್ನೆಯೇ ಬಂದಿರಲ್ಲ. ಇಂಥದ್ದನ್ನು ಹುಡುಕೋದು ಪೂರ್ತಿ ಬ್ಲಾಕ್ ಆಗಿರೋದಕ್ಕಿಂತ ಕಷ್ಟ.

ಧಾರವಾಡದಾಂವ
ಅಲ್ರೀ, ನಡ್ಯಾಕತ್ತೈತಿ ಅಂತ ನಾ ಹೇಳಾಕತ್ತೇನಿ, ನಡ್ಯಾಂಗಿಲ್ಲ ಅಂತ ನೀವು ಹೇಳ್ತೀರಿ. ನಮ್ಮನಿಗೆ ಬಂದು ನೋಡ್ರಿ.

ಅಮೃತಾ ಮೈಸೂರು
ನನ್ನದು ಫೋನಿನ ಕತೆ. ಆಂಡ್ರಾಯ್ಡ್‌ನ ಪ್ರೈವೇಟ್ ಡಿಎನ್‌ಎಸ್‌ನಲ್ಲಿ ಜಾಹೀರಾತು ತಡೆಯೋ ವಿಳಾಸ ಹಾಕಿದ್ದೆ, ಮಗಳ ಆಟದಲ್ಲಿ ಫೇಸ್‌ಬುಕ್ ಲಾಗಿನ್ ಒತ್ತಿದರೆ ಖಾಲಿ ಪುಟ. ಬೇರೆ ಐಡಿ ಮಾಡಿಕೊಂಡಳು, ಹಳೇ ಐಡಿಯಲ್ಲಿ ದುಡ್ಡು ಕೊಟ್ಟು ತಗೊಂಡಿದ್ದೆಲ್ಲ ಅಲ್ಲೇ ಉಳೀತು, ಒಂದೂವರೆ ಸಾವಿರದಷ್ಟು. ಆಮೇಲೆ ಗೊತ್ತಾಗಿದ್ದು, ನಾನು ಸಾಮಾಜಿಕ ಜಾಲತಾಣ ತಡೆಯೋ ಪಟ್ಟಿನೂ ಆನ್ ಮಾಡಿದ್ದೆ, ಅದರಲ್ಲಿ `graph.facebook.com` ಇತ್ತು. ನೀವೂ ಆ ಪಟ್ಟಿ ತೆಗೆದು ನೋಡಿ.

ಗೂಢಚಾರಿ ಬೇಡ
ಅವರು ಕೇಳಿದ್ದು ಎಕ್ಸ್‌ಬಾಕ್ಸ್ ಬಗ್ಗೆ ಮೇಡಂ. ಮತ್ತೆ ಫೇಸ್‌ಬುಕ್ ಲಾಗಿನ್‌ನಲ್ಲಿ ಮಗಳನ್ನು ಆಟಕ್ಕೆ ಕೂರಿಸೋದೇ ಮೊದಲ ತಪ್ಪು.

ಅಮೃತಾ ಮೈಸೂರು
ನನ್ನ ಮಗಳು, ನನ್ನ ದುಡ್ಡು. ನಿಮ್ಮ ಇಪ್ಪತ್ತು ಲಕ್ಷ ಡೊಮೇನ್ ನಿಮ್ಮ ಹತ್ತಿರವೇ ಇರಲಿ.

ರಾತ್ರಿಪಾಳಿ
ಸಂಜೆ ಲಾಗಿನ್ ಆಗದ ವಿಷಯ ಯಾರೂ ಮುಟ್ಟಲೇ ಇಲ್ಲ. ನನ್ನ ಕೆಲಸ ರಾತ್ರಿ ಪಾಳಿ, ಈ ಒಂದು ಕಾಯಿಲೆಯಿಂದ ಆಫೀಸಿನ ವಿಪಿಎನ್ ಕಟ್ ಆಗಿ ಮ್ಯಾನೇಜರ್ ಹತ್ತಿರ ಬೈಸಿಕೊಂಡಿದ್ದೇನೆ, ಹಾಗಾಗಿ ಉದ್ದ ಬರೀತೀನಿ.

ಬ್ಲಾಕ್ ಆದ ಟೆಲಿಮೆಟ್ರಿ ಸುಮ್ಮನೆ ಕೂರಲ್ಲ. ಉತ್ತರ 0.0.0.0 ಬಂತಾ, ಮತ್ತೆ ಕೇಳುತ್ತೆ, ಮತ್ತೆ ಕೇಳುತ್ತೆ, ಹಟ ಹಿಡಿದ ಮಗುವಿನ ಹಾಗೆ. ಪೈ-ಹೋಲ್‌ನಲ್ಲಿ ಒಂದು ಮಿತಿ ಇದೆ: ಒಬ್ಬ ಕ್ಲೈಂಟ್ 60 ಸೆಕೆಂಡಿನಲ್ಲಿ 1000 ಪ್ರಶ್ನೆ ದಾಟಿದರೆ ಸ್ವಲ್ಪ ಹೊತ್ತು ಅವನಿಗೆ ಏನು ಕೇಳಿದರೂ `REFUSED`. ಒಂದೇ ಕನ್ಸೋಲ್ ಈ ಮಿತಿ ಮುಟ್ಟೋದು ಅಪರೂಪ. ನಮ್ಮಲ್ಲಿ ಆಗಿದ್ದೇನು ಅಂದರೆ, ಪೈ-ಹೋಲ್ ವಿಳಾಸವನ್ನು ರೌಟರಿನ ಇಂಟರ್ನೆಟ್ ಸೆಟ್ಟಿಂಗಿನಲ್ಲಿ ಹಾಕಿದ್ದೆ. ಆಗ ಮನೆಯವರೆಲ್ಲ ರೌಟರನ್ನು ಕೇಳ್ತಾರೆ, ರೌಟರ್ ಎಲ್ಲರ ಪರವಾಗಿ ಪೈ-ಹೋಲನ್ನು ಕೇಳುತ್ತೆ. ಪೈ-ಹೋಲ್ ಕಣ್ಣಿಗೆ ಮನೆಯಲ್ಲಿ ಇರೋದು ಒಬ್ಬನೇ ಕ್ಲೈಂಟ್, 192.168.1.1. ಸಂಜೆ ಟಿವಿ, ನಾಲ್ಕು ಫೋನು, ಎರಡು ಲ್ಯಾಪ್‌ಟಾಪ್, ಕನ್ಸೋಲ್ ಎಲ್ಲರ ಪ್ರಶ್ನೆ ಒಂದೇ ಲೆಕ್ಕಕ್ಕೆ ಬಿದ್ದು ಮಿತಿ ದಾಟುತ್ತೆ. ಆ ಒಂದು ನಿಮಿಷದಲ್ಲಿ ಯಾರು ಲಾಗಿನ್ ಒತ್ತಿದರೋ ಅವರ ಗ್ರಹಚಾರ. ಬ್ಲಾಕ್ ಲಿಸ್ಟಿನಲ್ಲಿ `login.live.com` ಇಲ್ಲವೇ ಇಲ್ಲ, ಆದರೂ ಲಾಗಿನ್ ಆಗಲ್ಲ. ಮಧ್ಯಾಹ್ನ ಪರೀಕ್ಷೆ ಮಾಡಿದರೆ ಎಲ್ಲ ಸರಿ.

ನೋಡೋದು ಸುಲಭ. ಪೈ-ಹೋಲ್ ಪುಟದಲ್ಲಿ ಕ್ಲೈಂಟ್‌ಗಳ ಪಟ್ಟಿ ತೆರೆಯಿರಿ. ರೌಟರ್ ಒಂದೇ ಕಂಡರೆ ಇದೇ ಕಾಯಿಲೆ. ಇನ್ನೊಂದು ಮಾತು: ಆಗ ಹಳೆ ಅಡ್ಮಿನ್ ಹೇಳಿದ ಗ್ರೂಪ್ ಕೂಡ ಕೆಲಸ ಮಾಡಲ್ಲ, ಯಾಕಂದರೆ ಕನ್ಸೋಲ್ ಯಾವುದು ಅಂತ ಪೈ-ಹೋಲಿಗೆ ಗೊತ್ತೇ ಆಗಲ್ಲ.

ಮಿತಿಯನ್ನು `dns.rateLimit.count` ಅಂತ ಇರೋ ಕಡೆ ಏರಿಸಬಹುದು, ಎಣಿಕೆ ಮತ್ತು ಅವಧಿ ಎರಡೂ 0 ಮಾಡಿದರೆ ಮಿತಿಯೇ ಇರಲ್ಲ. ಅದು ನೋವಿನ ಮಾತ್ರೆ ಅಷ್ಟೆ. ಪೈ-ಹೋಲ್ ವಿಳಾಸವನ್ನು ಡಿಎಚ್‌ಸಿಪಿ ಮೂಲಕ ಪ್ರತಿ ಸಾಧನಕ್ಕೂ ನೇರವಾಗಿ ಹಂಚಬೇಕು. ನಮ್ಮ ಇಂಟರ್ನೆಟ್‌ನವರು ಕೊಟ್ಟ ರೌಟರಿನಲ್ಲಿ ಅದನ್ನು ಬದಲಾಯಿಸೋ ಜಾಗವೇ ಇರಲಿಲ್ಲ. ಅದರ ಡಿಎಚ್‌ಸಿಪಿ ಆಫ್ ಮಾಡಿ ಪೈ-ಹೋಲಿನದು ಆನ್ ಮಾಡಿದೆ. ಮೊದಲ ಸಲ ಪೈ ಆರಿಹೋದಾಗ ಮನೆಯಲ್ಲಿ ಯಾರಿಗೂ ಐಪಿ ಸಿಗದೆ ಅಮ್ಮನ ಧಾರಾವಾಹಿ ನಿಂತು ರಣರಂಗ ಆಯ್ತು. ರೌಟರಿಗೂ ಪೈಗೂ ಸೇರಿ ಚಿಕ್ಕ ಯುಪಿಎಸ್ ತಂದೆ, ಎರಡೂಕಾಲು ಸಾವಿರ. ಜಾಹೀರಾತು ನೋಡಿದ್ದರೆ ಇಷ್ಟು ಖರ್ಚಾಗ್ತಿರಲಿಲ್ಲ ಅಂತ ಅಪ್ಪ ಇವತ್ತಿಗೂ ಹೇಳ್ತಾರೆ.

ಗೂಢಚಾರಿ ಬೇಡ
ಮಿತಿ 0 ಮಾಡಿ ಅಂತ ಸಾರ್ವಜನಿಕವಾಗಿ ಹೇಳಬೇಡಿ. ಯಾವುದೋ ಸಾಧನ ಕೆಟ್ಟು ಕೂಗೋಕೆ ಶುರು ಮಾಡಿದರೆ ಪೈ ಮಲಗುತ್ತೆ.

ರಾತ್ರಿಪಾಳಿ
ನೋವಿನ ಮಾತ್ರೆ ಅಂದಿದ್ದನ್ನು ಓದಿದಿರಾ, ಅಥವಾ ಸಂಖ್ಯೆ ಮಾತ್ರ ಓದಿದಿರಾ?

ಸರ್ಜಾಪುರ ಅಪ್ಪ
ಎಲ್ಲರಿಗೂ ಥ್ಯಾಂಕ್ಸ್. ಕ್ಲೈಂಟ್ ಪಟ್ಟಿಯಲ್ಲಿ ರೌಟರ್ ಒಂದೇ ಇದೆ. ಡಿಎಚ್‌ಸಿಪಿ ಭಾನುವಾರ ಮುಟ್ಟುತ್ತೇನೆ, ಮನೆಯಲ್ಲಿ ವರ್ಕ್ ಫ್ರಮ್ ಹೋಮ್ ಇದೆ. ಸದ್ಯಕ್ಕೆ ಎರಡು ಡೊಮೇನ್ ಎಲ್ಲರಿಗೂ ಬಿಟ್ಟಿದ್ದೇನೆ, ಹಳೇ ಆಟದಲ್ಲಿ ಇವತ್ತು ಒಂದು ಅಚೀವ್‌ಮೆಂಟ್ ಬಂತು. ಆದರೆ ಈ ಮುಂಚೆ ಆಡಿ ಮುಗಿಸಿದ ಹಂತಗಳದ್ದು ಬಂದಿಲ್ಲ. ಅದು ತಾನಾಗಿ ಬರುತ್ತಾ?

ಮಂಗಳೂರು ಗೇಮರ್
ನಮ್ಮಲ್ಲಿ ಕೆಲವು ಮರುದಿನ ಒಟ್ಟಿಗೆ ಬಂದವು. ಎಲ್ಲ ಬರಲಿಲ್ಲ, ಹುಡುಗ ಎರಡು ಹಂತ ಪುನಃ ಆಡಿದ.

ಹಳೆ ಅಡ್ಮಿನ್
ನಮ್ಮಲ್ಲಿ ಒಂದೂ ಬರಲಿಲ್ಲ. ಆ ಆಟದ ಲೆಕ್ಕ ಎಲ್ಲಿ ಇಟ್ಟಿದ್ದಾರೆ ಅನ್ನೋದರ ಮೇಲೆ ಹೋಗುತ್ತೆ.

ಧಾರವಾಡದಾಂವ
ನಮ್ಮನ್ಯಾಗ ಎಲ್ಲಾ ಬಂದಾವ. 8.8.8.8 ಹಾಕ್ರಿ ಅಂತ ಆಗಲೇ ಹೇಳಿದ್ದೆ.

ಹಳೆ ಅಡ್ಮಿನ್
ನಿಮ್ಮ ಪೈ-ಹೋಲ್ ಲಾಗಿನಲ್ಲಿ ನಿನ್ನೆ ರಾತ್ರಿ ಕನ್ಸೋಲಿನಿಂದ ಎಷ್ಟು ಪ್ರಶ್ನೆ ಬಂದಿವೆ, ಅದೊಂದು ನೋಡಿ ಹೇಳಿ ಸರ್.

ಧಾರವಾಡದಾಂವ
ಲ್ಯಾಪ್‌ಟಾಪ್ ಬಂದ್ ಐತ್ರಿ. ಹುಡುಗ್ರು ಚಾರ್ಜರ್ ಒಯ್ದಾರ.

ಹಳೆ ಅಡ್ಮಿನ್
ಯಾವಾಗಿಂದ?

ಧಾರವಾಡದಾಂವ
ದಸರಾ ಸೂಟಿಯಿಂದ.